ಹಾಜರಿ ಯಂತ್ರ ಮತ್ತು ಒಂಬತ್ತನೆಯ ಪ್ರಶ್ನೆ

ಕಂಡವರ ಮನೆಯ ಸುದ್ದಿ ನನಗೆ ಬೇಕೇ ಬೇಕು. ಇದನ್ನು ನಾನು ಕುತೂಹಲ ಎನ್ನುತ್ತೇನೆ. ನನ್ನ ಯಜಮಾನರು ಬೇರೆ ಏನೋ ಅನ್ನುತ್ತಾರೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಮಾತಾಡುತ್ತಿದ್ದರೆ ಅವರ ಮಾತು ಮುಗಿಯುವ ತನಕ ನನ್ನ ನಿಲ್ದಾಣ ಬರಬಾರದು ಎಂದು ಬೇಡಿಕೊಳ್ಳುವವಳು ನಾನು. ಇಂಥವಳ ಕೈಗೆ ಹತ್ತೊಂಬತ್ತು ವರ್ಷ ಒಂದು ಆಫೀಸಿನ ಹಾಜರಿ ಪುಸ್ತಕ ಕೊಟ್ಟಿದ್ದರು. ಯಾರು ಯಾವಾಗ ಬಂದರು, ಯಾರ ಸಹಿ ಇವತ್ತು ಸೊಟ್ಟಗಿದೆ, ಯಾರು ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾರೆ, ಎಲ್ಲ ನನಗೆ ಗೊತ್ತು.

ನಮ್ಮದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನೀರೆತ್ತುವ ಪಂಪಿನ ಬಿಡಿಭಾಗಗಳನ್ನು ಜಿಲ್ಲೆಗಳಿಗೆ ಕಳಿಸುವ ಕಂಪನಿ. ಮುಂದೆ ಆಫೀಸು, ಹಿಂದೆ ಪ್ಯಾಕಿಂಗ್ ಮಾಡುವ ದೊಡ್ಡ ಹಾಲು. ಒಟ್ಟು ಮೂವತ್ತು ಮಂದಿ. ಬೆಳಿಗ್ಗೆ ಒಂಬತ್ತೂವರೆಗೆ ಪುಸ್ತಕ ನನ್ನ ಟೇಬಲ್ಲಿನ ಮೇಲೆ ಇರುತ್ತಿತ್ತು. ಹೊತ್ತಿಗೆ ಬಂದವರ ಸಹಿಯಾದ ಮೇಲೆ ನಾನು ಒಂದು ಕೆಂಪು ಗೆರೆ ಎಳೆಯಬೇಕು. ಗೆರೆಯ ಕೆಳಗೆ ಸಹಿ ಮಾಡಿದವರು ತಡವಾಗಿ ಬಂದ ಲೆಕ್ಕ. ಆದರೆ ಧಾರವಾಡದಿಂದ ಬರುವವರ ಬಸ್ಸು ರಸ್ತೆಯ ಆ ತುದಿಯಲ್ಲಿ ಕಾಣುವ ತನಕ ನನ್ನ ಕೆಂಪು ಪೆನ್ನು ಯಾವತ್ತೂ ಸಿಗುತ್ತಿರಲಿಲ್ಲ. ಪರ್ಸಿನಲ್ಲಿ ಹುಡುಕುತ್ತಿದ್ದೆ, ಡ್ರಾವರಿನಲ್ಲಿ ಹುಡುಕುತ್ತಿದ್ದೆ. ಅವರು ಏದುಸಿರು ಬಿಡುತ್ತ ಒಳಗೆ ಬಂದು ಸಹಿ ಮಾಡಿದ ಕೂಡಲೇ ಪೆನ್ನು ಸಿಗುತ್ತಿತ್ತು. ಇದು ಹಳೆಯ ಮ್ಯಾನೇಜರಿಗೂ ಗೊತ್ತಿತ್ತು.

ಹಳೆಯವರು ನಿವೃತ್ತರಾಗಿ ಹೊಸ ಮ್ಯಾನೇಜರ್ ಬಂದರು. ತುಮಕೂರು ಕಡೆಯವರು, ಮೂವತ್ತೈದರ ಒಳಗಿನ ವಯಸ್ಸು, ತೆಳ್ಳಗೆ, ಮಾತು ಕಡಿಮೆ. ಮೂರು ವಾರ ಸುಮ್ಮನೆ ಕೂತು ನಮ್ಮನ್ನೆಲ್ಲ ನೋಡಿದರು. ನಾನೂ ಅವರನ್ನು ನೋಡಿದೆ. ನಾಲ್ಕನೆಯ ವಾರ ನನ್ನನ್ನು ಒಳಗೆ ಕರೆದು, "ಮೇಡಂ, ಮುಖ್ಯ ಕಚೇರಿಯಿಂದ ಬೆರಳಚ್ಚಿನ ಹಾಜರಿ ಯಂತ್ರ ಬರ್ತಾ ಇದೆ. ಎಲ್ಲರಿಗೂ ಒಂದು ಮೇಲ್ ಹಾಕ್ಬೇಕು. ಸುಮ್ಮನೆ ಆರ್ಡರ್ ಹಾಕೋಕೆ ನನಗೆ ಇಷ್ಟ ಇಲ್ಲ. ಜನಕ್ಕೆ ಏನೇನು ಭಯ ಇರುತ್ತೆ ಅಂತ ಮೊದಲೇ ಗೊತ್ತಾದ್ರೆ ಮೇಲಲ್ಲೇ ಉತ್ತರ ಕೊಡಬಹುದು. ನೀವು ಸ್ವಲ್ಪ ಕೇಳಿ ಬರ್ತೀರಾ?" ಎಂದರು.

ನನ್ನ ಪುಸ್ತಕ ಹೋಗುವುದಕ್ಕೆ ನಾನೇ ಹೋಗಿ ಸುದ್ದಿ ಸಾರಬೇಕೇ? ಆದರೆ ಮೂವತ್ತು ಮಂದಿಯ ಒಳಗಿನ ಭಯವನ್ನು ಕೇಳಿ ಬಾ ಎಂದು ನನ್ನಂಥವಳಿಗೆ ಹೇಳಿದರೆ ಕಾಲು ನಿಲ್ಲುತ್ತವೆಯೇ? ಊಟದ ಹೊತ್ತಿಗೆಲ್ಲ ಒಂದು ನೋಟ್‌ಬುಕ್ಕಿನ ನಾಲ್ಕು ಪುಟ ತುಂಬಿದ್ದವು.

ವ್ಯಾನ್ ಓಡಿಸುವ ಕಾಕಾ ಗಲ್ಲ ಕೆರೆದುಕೊಂಡು, "ನಮ್ಮ ಬಟ್ಟಿನ ಗುರ್ತ ಕದ್ದು ಎಲ್ಲ್ಯರ ಹಚ್ಚಿದ್ರ ಏನ್ ಮಾಡೋಣ್ರಿ?" ಎಂದು ಕೇಳಿದ. ಧಾರವಾಡದವರು ಬಸ್ಸಿನ ಚಿಂತೆ ಹೇಳಿದರು. ಲೆಕ್ಕದ ವಿಭಾಗದ ದಪ್ಪ ಹುಡುಗಿ ಕರೆಂಟ್ ಹೋದರೆ ಹೇಗೆ ಎಂದಳು. ಒಬ್ಬರು, "ಬಟ್ಟ ಕೊಯ್ಕೊಂಡ್ರ?" ಎಂದರು. ಇನ್ನೊಬ್ಬರು ನೇರವಾಗಿ, "ಅಕ್ಕಾರ, ನಿಮ್ಮ ಕೆಂಪು ಪೆನ್ನು ಮಷೀನಿನ್ಯಾಗೂ ಕಳೀತೈತೇನ್ರಿ?" ಎಂದು ಕಾಲೆಳೆದರು.

ಪ್ಯಾಕಿಂಗ್ ಹಾಲಿನಲ್ಲಿ ಒಬ್ಬಳು ಹೆಣ್ಣುಮಗಳಿದ್ದಳು. ಮೂವತ್ತೈದರ ಆಸುಪಾಸು. ಒಂದು ವರ್ಷದ ಒಪ್ಪಂದದ ಮೇಲೆ ಇದ್ದವಳು, ಪ್ರತಿ ವರ್ಷ ಕಾಗದ ಹೊಸದಾಗಬೇಕು. ಆರು ವರ್ಷದಲ್ಲಿ ಆಕೆಯ ಸಹಿ ಒಂದು ದಿನವೂ ಕೆಂಪು ಗೆರೆಯ ಕೆಳಗೆ ಬಿದ್ದದ್ದಿಲ್ಲ. ಮಾತು ಬಹಳ ಕಡಿಮೆ, ಹಾಗಾಗಿ ಆಕೆಯ ಬಗ್ಗೆ ನನಗೆ ಗೊತ್ತಿದ್ದದ್ದೂ ಕಡಿಮೆ. ಇದು ನನಗೆ ಹಲ್ಲಿನಲ್ಲಿ ಸಿಕ್ಕ ನಾರಿನಂತೆ ಕಾಡುತ್ತಿತ್ತು.

"ನಿಂದೇನರ ಐತೇನವಾ ಕೇಳೂದು?" ಎಂದೆ.

"ಏನಿಲ್ರಿ ಅಕ್ಕಾರ. ವ್ಯಾಳ್ಯಾಕ್ಕ ಬರತೇನಿ, ವ್ಯಾಳ್ಯಾಕ್ಕ ಹೋಗತೇನಿ. ನನಗೇನ ಅಂಜಿಕಿ?" ಎಂದು ನಕ್ಕು ಡಬ್ಬಕ್ಕೆ ಟೇಪು ಹಚ್ಚತೊಡಗಿದಳು.

ಆ ಶುಕ್ರವಾರ ಮೇಲ್ ಬಂತು. ಪ್ಯಾಕಿಂಗಿನವರಲ್ಲಿ ಹೆಚ್ಚಿನವರು ಮೇಲ್ ತೆರೆದು ನೋಡುವವರಲ್ಲ, ಅದಕ್ಕೆ ನಾನು ಪ್ರಿಂಟ್ ತೆಗೆದು ಹಾಲಿನಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

"ವಿಷಯ: ಹಾಜರಿ ಪದ್ಧತಿಯ ಬದಲಾವಣೆ ಮತ್ತು ನಿಮ್ಮ ಪ್ರಶ್ನೆಗಳು. ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಬಾಗಿಲ ಬಳಿ ಬೆರಳಚ್ಚಿನ ಯಂತ್ರ ಇರುತ್ತದೆ. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಬೆರಳು ಇಡಬೇಕು. ಮೊದಲ ಎರಡು ವಾರ ಪುಸ್ತಕದಲ್ಲೂ ಸಹಿ ಮಾಡಿ. ಆ ಎರಡು ವಾರ ಪುಸ್ತಕದ್ದೇ ಲೆಕ್ಕ. ಅದರ ನಂತರ ಯಂತ್ರದ್ದು ಮಾತ್ರ. ಇದು ಯಾರ ಮೇಲಿನ ಅನುಮಾನದಿಂದಲೂ ಮಾಡುತ್ತಿರುವುದಲ್ಲ. ನಮ್ಮ ಎಲ್ಲ ಶಾಖೆಗಳಲ್ಲಿ ಒಂದೇ ಪದ್ಧತಿ ಇರಲಿ ಎಂದು."

ಕೆಳಗೆ ಎಂಟು ಪ್ರಶ್ನೆ, ಎಂಟು ಉತ್ತರ. ನನ್ನ ನೋಟ್‌ಬುಕ್ಕಿನ ನಾಲ್ಕು ಪುಟ ಅಚ್ಚುಕಟ್ಟಾಗಿ ಅಲ್ಲಿ ಕೂತಿದ್ದವು. ಯಂತ್ರ ಬೆರಳಿನ ಫೋಟೋ ಇಟ್ಟುಕೊಳ್ಳುವುದಿಲ್ಲ, ಗೆರೆಗಳ ಗುರುತನ್ನು ಅಂಕಿಗಳಾಗಿ ಮಾಡಿ ಇಟ್ಟುಕೊಳ್ಳುತ್ತದೆ, ಅದನ್ನು ಹಾಜರಿಗೆ ಬಿಟ್ಟು ಬೇರೆಲ್ಲಿಯೂ ಬಳಸುವುದಿಲ್ಲ. ಹತ್ತು ನಿಮಿಷದ ವಿನಾಯಿತಿ ಇದೆ. ಕರೆಂಟ್ ಹೋದರೆ ಒಳಗೆ ಬ್ಯಾಟರಿ ಇದೆ. ಬೆರಳಿಗೆ ಗಾಯವಾದರೆ ಇನ್ನೊಂದು ಕೈಯ ಬೆರಳು, ಅದಕ್ಕೆಂದೇ ಎರಡೂ ಕೈಯ ಬೆರಳುಗಳನ್ನು ದಾಖಲು ಮಾಡುತ್ತೇವೆ. ಬೆರಳು ಇಡಲು ಮರೆತರೆ ಎರಡು ದಿನದೊಳಗೆ ತಿದ್ದುಪಡಿಗೆ ಕೇಳಬಹುದು; ತಿಂಗಳಿಗೆ ಮೂರು ಸಲ ಮಾತ್ರ. ಅದಕ್ಕಿಂತ ಹೆಚ್ಚಾದರೆ ಗೈರುಹಾಜರಿ. ಕೊನೆಯಲ್ಲಿ, "ಇಲ್ಲಿ ಇರದ ಪ್ರಶ್ನೆ ನಿಮ್ಮಲ್ಲಿದ್ದರೆ ನನ್ನ ಬಾಗಿಲು ತೆರೆದಿರುತ್ತದೆ" ಎಂದಿತ್ತು.

ನನಗೆ ಸಿಟ್ಟು ಇದ್ದದ್ದು ನಿಜ. ಆದರೂ ಮೇಲ್ ಚೆನ್ನಾಗಿದೆ ಎಂದು ಒಪ್ಪಿಕೊಳ್ಳದೆ ಗತಿಯಿರಲಿಲ್ಲ. ನೌಕರರ ಭಯಕ್ಕೆ ಮರ್ಯಾದೆ ಕೊಟ್ಟು ಬರೆದ ಕಾಗದವನ್ನು ಆ ಹತ್ತೊಂಬತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ.

ಸೋಮವಾರ ಯಂತ್ರ ಬಂತು. ಕೈಯಷ್ಟು ದೊಡ್ಡ ಕಪ್ಪು ಡಬ್ಬಿ, ಕೆಳಗೆ ಹಸಿರು ಬೆಳಕಿನ ಗಾಜು. ಎಲ್ಲರೂ ಸಾಲಾಗಿ ನಿಂತು ಬೆರಳು ಕೊಟ್ಟೆವು. ಆ ದಿನ ನನಗೆ ಚೆನ್ನಾಗಿ ನೆನಪಿರಲು ಇನ್ನೊಂದು ಕಾರಣವಿದೆ. ಅವತ್ತು ನನ್ನ ಡಬ್ಬಿಯಲ್ಲಿ ರೊಟ್ಟಿ ಇರಲಿಲ್ಲ, ಚಿತ್ರಾನ್ನ ಇತ್ತು. ಲೆಕ್ಕದ ಹುಡುಗಿ, "ಏನ್ರಿ ಅಕ್ಕಾರ, ನಾಕ ದಿನ ಆತು ರೊಟ್ಟಿ ಇಲ್ಲ. ಕೈ ಸೋತಾವೇನ್ರಿ?" ಎಂದಿದ್ದಳು.

ಇಲ್ಲಿ ಒಂದು ಗುಟ್ಟು ಹೇಳಬೇಕು. ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ನನ್ನ ರೊಟ್ಟಿಗೆ ದೊಡ್ಡ ಹೆಸರು. ಕಾಗದದಂತೆ ತೆಳ್ಳಗೆ, ತುದಿಯಲ್ಲಿ ಒಂದೂ ಸೀಳಿಲ್ಲ. ಶೇಂಗಾ ಚಟ್ನಿ ಹಚ್ಚಿ ನಾಲ್ಕು ಮಂದಿಗೆ ಹಂಚುತ್ತಿದ್ದೆ. "ಅಕ್ಕಾರ ಕೈ ಅಂದ್ರ ಕೈ" ಎನ್ನುತ್ತಿದ್ದರು, ನಾನು ತಲೆ ಬಗ್ಗಿಸಿ ನಗುತ್ತಿದ್ದೆ. ಖರೇ ಹೇಳಬೇಕೆಂದರೆ ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ನನ್ನ ಅತ್ತೆ ಇದೇ ಚಿಂತೆಯಲ್ಲಿ ಹೋದರು. ಗೋಪನಕೊಪ್ಪದಲ್ಲಿ ನಮ್ಮ ಓಣಿಯ ಹಿಂದೆ ಒಂದು ರೊಟ್ಟಿ ಕೇಂದ್ರ ಇದೆ. ಬೆಳಿಗ್ಗೆ ಯಜಮಾನರು ಹಾಲು ತರಲು ಹೋದಾಗ ಅಲ್ಲಿಂದ ರೊಟ್ಟಿಯನ್ನೂ ತರುತ್ತಾರೆ. ಕೇಂದ್ರದವರ ಮನೆಯಲ್ಲಿ ಮದುವೆ, ಹಿಂದಿನ ಶುಕ್ರವಾರದಿಂದ ನಾಲ್ಕು ದಿನ ಬಾಗಿಲು ಹಾಕಿದ್ದರು. ಅದಕ್ಕೇ ಚಿತ್ರಾನ್ನ. ಹುಡುಗಿಗೆ, "ಮೊಳಕೈ ನೋವವಾ" ಎಂದಿದ್ದೆ. ಸುಳ್ಳಿನಲ್ಲಿ ನಾನು ಅಷ್ಟು ಪಳಗಿದ್ದೆ.

ಪ್ಯಾಕಿಂಗಿನ ಹೆಣ್ಣುಮಗಳ ಬೆರಳು ಆ ಸೋಮವಾರ ಸರಾಗವಾಗಿ ದಾಖಲಾಯಿತು. ಮಂಗಳವಾರ, ಬುಧವಾರ "ಥ್ಯಾಂಕ್ ಯೂ" ಎಂದ ಯಂತ್ರ ಗುರುವಾರ ಆಕೆಗೆ "ಪ್ಲೀಸ್ ಟ್ರೈ ಅಗೇನ್" ಎಂದಿತು. ಶುಕ್ರವಾರವೂ ಅದೇ. ಶನಿವಾರ ಹತ್ತೂ ಬೆರಳು ಇಟ್ಟು ನೋಡಿದಳು. ಹಿಂದೆ ನಿಂತವರು, "ಸೀರಿಗೆ ಒರಸವಾ", "ಊದವಾ", "ಹಗೂರ ಇಡವಾ" ಎಂದು ತಲೆಗೊಂದು ಸಲಹೆ ಕೊಟ್ಟರು. ನಾನೂ ಕೈ ತೊಳೆಸಿದೆ, ಕೊಬ್ಬರಿ ಎಣ್ಣೆ ಹಚ್ಚಿಸಿದೆ. ಯಂತ್ರ ಜಗ್ಗಲಿಲ್ಲ. ಆಕೆ ಪುಸ್ತಕದಲ್ಲಿ ಸಹಿ ಮಾಡಿ ಒಳಗೆ ಹೋದಳು. ಇನ್ನೂ ಪುಸ್ತಕದ್ದೇ ಲೆಕ್ಕವಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಾನು ಮಾತ್ರ ಕೆಡಿಸಿಕೊಂಡೆ. ಪುಸ್ತಕದ ಕೊನೆಯ ಪುಟದಲ್ಲಿ ಪ್ರತಿ ದಿನ ಆಕೆಯ ಬೆರಳು ಹತ್ತಿತೋ ಇಲ್ಲವೋ ಎಂದು ಗುರುತು ಹಾಕತೊಡಗಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮೊದಲಿಗೆ ಅದು ಆಕೆಯ ಮೇಲಿನ ಕಾಳಜಿಯಿಂದ ಅಲ್ಲ. ಯಂತ್ರ ಸೋಲುವುದನ್ನು ಬರೆದಿಡುವುದರಲ್ಲಿ ನನಗೆ ಒಳಗೊಳಗೇ ಖುಷಿ ಇತ್ತು. ಎರಡನೆಯ ವಾರ ಶುಕ್ರವಾರದ ತನಕ ಇಲ್ಲ, ಇಲ್ಲ, ಇಲ್ಲ. ಶನಿವಾರ ಇದ್ದಕ್ಕಿದ್ದಂತೆ "ಥ್ಯಾಂಕ್ ಯೂ". ಯಾಕೆ ಎಂದು ಯೋಚಿಸಿ ಯೋಚಿಸಿ ನನಗೆ ತಲೆ ನೋವು ಬಂತು.

ಮೂರನೆಯ ವಾರ ಪುಸ್ತಕವನ್ನು ಕಪಾಟಿಗೆ ಹಾಕಿದರು, ನಾನು ಮಾತ್ರ ಅದರ ಕೊನೆಯ ಪುಟದಲ್ಲಿ ಗುರುತು ಹಾಕುವುದನ್ನು ಬಿಡಲಿಲ್ಲ. ಸೋಮವಾರ ಆಕೆಯ ಬೆರಳು ಹತ್ತಿತು. ಆಮೇಲೆ ಮತ್ತೆ ನಿಂತಿತು. ಮೂರು ತಿದ್ದುಪಡಿ ಮೂರು ದಿನದಲ್ಲಿ ಮುಗಿದವು. ನಾಲ್ಕನೆಯ ದಿನ ಆಕೆ ಬೆಳಿಗ್ಗೆಯಿಂದ ಸಂಜೆಯ ತನಕ ನನ್ನ ಕಣ್ಣೆದುರು ನಲವತ್ತು ಡಬ್ಬ ಕಟ್ಟಿದಳು. ಕಂಪ್ಯೂಟರಿನಲ್ಲಿ ಆಕೆಯ ಹೆಸರಿನ ಮುಂದೆ ಗೈರುಹಾಜರಿ ಎಂದು ಬಂತು. ಐದನೆಯ ದಿನವೂ, ಮುಂದಿನ ವಾರವೂ ಅದೇ ಬಂತು. ಮುಂದಿನ ತಿಂಗಳು ಆಕೆಯ ಒಪ್ಪಂದದ ಕಾಗದ ಹೊಸದಾಗಬೇಕಿತ್ತು, ಅದಕ್ಕೆ ಮುಖ್ಯ ಕಚೇರಿಯವರು ನೋಡುವುದು ಈ ಹಾಳೆಯನ್ನೇ.

ಆ ವಾರದ ಗುರುವಾರ ಮ್ಯಾನೇಜರ್ ನನ್ನನ್ನು ಕರೆದರು. "ಮೇಡಂ, ಇವರೊಬ್ಬರದೇ ಯಾಕೆ ಹೀಗೆ? ಯಂತ್ರದ ಕಂಪನಿಯವನು ಬಂದು ನೋಡಿ ಯಂತ್ರ ಸರಿ ಇದೆ ಅಂದ. ವಾರದಲ್ಲಿ ಒಂದು ದಿನ ಬರುತ್ತೆ, ಉಳಿದ ದಿನ ಬರಲ್ಲ. ಮುಖ್ಯ ಕಚೇರಿಯವರು, ತಡವಾಗಿ ಬಂದು ಬೆರಳು ಬರ್ಲಿಲ್ಲ ಅಂತ ನೆಪ ಹೇಳ್ತಿರಬಹುದು ಅಂತಾರೆ."

"ಆಕಿ ತಡಾ ಮಾಡಿ ಬರಾಕಿ ಅಲ್ರಿ. ಹತ್ತೊಂಬತ್ತು ವರ್ಷ ಗೆರಿ ಹೊಡದೇನ್ರಿ ನಾನು," ಎಂದೆ. ದನಿ ಏರಿತ್ತು.

"ನಾನು ನಂಬ್ತೀನಿ. ಆದರೆ ಅವರಿಗೆ ಬರೆಯೋಕೆ ನನಗೊಂದು ಕಾರಣ ಬೇಕು. ಯಂತ್ರಕ್ಕೆ ಕಾರ್ಡ್ ಕೂಡ ಆಗುತ್ತೆ. ಒಬ್ಬರ ಕಾರ್ಡ್ ಇನ್ನೊಬ್ಬರು ತೋರಿಸ್ತಾರೆ ಅಂತ ಅವರು ಅದನ್ನ ಬಂದ್ ಮಾಡಿದ್ದಾರೆ. ಸರಿಯಾದ ಕಾರಣ ಕೊಟ್ರೆ ಇವರೊಬ್ಬರಿಗೆ ತೆಗೆಸಬಹುದು. ತಿಂಗಳ ಹಾಜರಿ ಹಾಳೆ ಸೋಮವಾರ ಹೋಗುತ್ತೆ," ಎಂದರು.

ಅವತ್ತು ಸಂಜೆ ಕಪಾಟಿನಿಂದ ಪುಸ್ತಕ ತೆಗೆದು ಮನೆಗೆ ಒಯ್ದೆ. ಅಡುಗೆಮನೆಯಲ್ಲಿ ನಿಂತು ನನ್ನ ಗುರುತುಗಳನ್ನು ನೋಡಿದೆ. ದಾಖಲಾದ ಸೋಮವಾರ ಹತ್ತಿದೆ. ಆಮೇಲಿನ ಎರಡು ದಿನ ಹತ್ತಿದೆ. ಎರಡನೆಯ ವಾರದ ಶನಿವಾರ ಹತ್ತಿದೆ, ಅದರ ಮರು ಸೋಮವಾರ ಹತ್ತಿದೆ. ಆ ಶನಿವಾರ ಏನಿತ್ತು? ಯಜಮಾನರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಗುರುವಾರದಿಂದ ರೊಟ್ಟಿ ಕೇಂದ್ರ ಬಂದ್ ಇತ್ತಲ್ಲ, ಗ್ಯಾಸಿನ ಒಲಿ ಕೆಟ್ಟಿತ್ತಂತ. ನೀ ನನಗ ಮೂರು ದಿನ ಉಪ್ಪಿಟ್ಟು ತಿನಿಸೀದಿ," ಎಂದರು.

ನಾನು ಪುಸ್ತಕ ಹಿಡಿದುಕೊಂಡು ಅಲ್ಲೇ ಕೂತೆ. ನನ್ನ ಡಬ್ಬಿಯಲ್ಲಿ ರೊಟ್ಟಿ ಇಲ್ಲದ ದಿನಗಳು ಕೂಡಿ ಬಂದಾಗ ಮಾತ್ರ ಆಕೆಯ ಬೆರಳು ಹತ್ತುತ್ತಿತ್ತು.

ಮರುದಿನ ಹಾಲು ತರಲು ನಾನೇ ಹೋಗುತ್ತೇನೆ ಎಂದಾಗ ಯಜಮಾನರು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು. ಆರು ಗಂಟೆಗೆ ಕೇಂದ್ರದ ಮುಂದಿನ ಬಾಗಿಲು ಬಿಟ್ಟು ಹಿಂದಿನ ಬಾಗಿಲಿಗೆ ಹೋದೆ. ಹೆಂಚಿನ ಕಾವು ಮುಖಕ್ಕೆ ಬಡಿಯಿತು. ನಾಲ್ಕು ಮಂದಿ ಕೂತಿದ್ದರು, ಗೋಡೆಯ ಕಡೆಗೆ ಆಕೆ. ಕುದಿನೀರಿನ ಹಿಟ್ಟು ನಾದಿ, ಉಂಡೆ ಮಾಡಿ, ಹಿಟ್ಟು ಉದುರಿಸಿ ಬೆರಳ ತುದಿಯಿಂದ ತಿರುಗಿಸಿ ತಿರುಗಿಸಿ ಬಡಿಯುತ್ತಿದ್ದಳು. ಹೆಂಚಿಗೆ ಹಾಕಿದ ಮೇಲೆ ನೀರು ಸವರುವುದಕ್ಕೂ ಬೆರಳು, ತಿರುವಿ ಹಾಕುವುದಕ್ಕೂ ಬೆರಳು. ನನ್ನ ಹೆಸರು ಮಾಡಿದ ರೊಟ್ಟಿ ಅದು. ನಾನು ಬಾಯಿ ತೆರೆದುಕೊಂಡು ನೋಡುತ್ತ ನಿಂತೆ.

ಆಕೆ ನನ್ನನ್ನು ನೋಡಿ ಎದ್ದು ಹೊರಗೆ ಬಂದಳು. ಮುಖ ಬಿಳುಚಿಕೊಂಡಿತ್ತು.

"ಅಕ್ಕಾರ, ಇಲ್ಲಿ ಮಟ ಹುಡಿಕ್ಕೋತ ಬಂದ್ರೇನ್ರಿ?"

"ಕೈ ತೋರಸು," ಎಂದೆ. ತೋರಿಸಿದಳು. ಬೆರಳ ತುದಿಗಳು ಸವೆದು ನುಣುಪಾಗಿದ್ದವು, ನಾಣ್ಯದ ಮೇಲಿನ ಅಕ್ಷರ ಅಳಿಸಿ ಹೋದ ಹಾಗೆ. "ಎಷ್ಟ ಬಡೀತಿ ದಿನಾ?"

"ನೂರಾ ಐವತ್ತು. ಹಬ್ಬ ಇದ್ರ ಇನ್ನೂರು. ಮಗಳ ಧಾರವಾಡದಾಗ ಕಲಿಯಾಕತ್ತಾಳ್ರಿ." ತಲೆ ತಗ್ಗಿಸಿದಳು. "ಬ್ಯಾರೆ ಕೆಲಸ ಮಾಡಬಾರದು ಅಂತ ಕಂಪನಿ ಕಾಗದದಾಗ ಬರದೈತಿ. ಅದಕ್ಕ ಯಾರಿಗೂ ಹೇಳಿಲ್ರಿ. ಹೇಳಿದ್ರ ಕೆಲಸ ಹೋಕ್ಕೈತಿ, ಹೇಳದಿದ್ರ ಗೈರುಹಾಜರಿ ಅಂತ ಹೋಕ್ಕೈತಿ. ನೀವ ಸಾಹೇಬ್ರಿಗೆ ಹೇಳತೀರೇನ್ರಿ?"

ನನ್ನ ಬಾಯಿಯ ಖ್ಯಾತಿ ಆಕೆಗೂ ಗೊತ್ತು. ಹುಬ್ಬಳ್ಳಿಯ ಅರ್ಧ ಭಾಗಕ್ಕೆ ಗೊತ್ತು. ಆ ಪ್ರಶ್ನೆಯಿಂದ ನನಗೆ ಆದ ನೋವನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷ ಮಂದಿಯ ಗುಟ್ಟು ತಿಳಿದುಕೊಳ್ಳುವುದೇ ಒಂದು ಜಂಬವೆಂದುಕೊಂಡಿದ್ದೆ, ತಿಳಿದ ಮೇಲೆ ಅದನ್ನು ಒಳಗೇ ಇಟ್ಟುಕೊಳ್ಳುವ ಕೆಲಸ ನನಗೆ ಬಿದ್ದೇ ಇರಲಿಲ್ಲ.

"ಹೇಳೂದಿಲ್ಲ. ಹೋಗು, ಹೆಂಚ ಹೊತ್ತೀತು," ಎಂದೆ. ಹಾಲು ತರುವುದನ್ನು ಮರೆತು ಮನೆಗೆ ಬಂದೆ.

ಅಂದು ಹತ್ತು ಗಂಟೆಗೆ, ಕೇಂದ್ರದ ಹೆಸರು ಎತ್ತಬಾರದೆಂದು ನಿರ್ಧರಿಸಿಕೊಂಡು ಮ್ಯಾನೇಜರ್ ಕೋಣೆಗೆ ಹೋದೆ. "ಸರ, ನಿಮಗ ಕಾರಣ ಬೇಕಂದ್ರೆಲ್ರಿ. ರೊಟ್ಟಿ ಬಡದು ಬಡದು ಆಕಿ ಬಟ್ಟಿನ ಗೆರಿ ಸವದಾವ್ರಿ. ಮೂರ್ನಾಕ ದಿನ ಬಡೀದ ಬಿಟ್ರ ಮತ್ತ ಮೂಡತಾವ್ರಿ. ಅದಕ್ಕ ಮಷೀನ ಒಮ್ಮೆ ಗುರ್ತ ಹಿಡೀತೈತಿ, ಒಮ್ಮೆ ಹಿಡಿಯೂದಿಲ್ಲ."

ಅವರ ಕಣ್ಣು ಅಗಲವಾದವು. ಅವರ ಊರಿನ ಕಡೆ ಮುದ್ದೆ, ಅನ್ನ. ಹಿಟ್ಟಿನ ನಾದುವಿಕೆ, ಹೆಂಚು, ನೀರು ಎಲ್ಲವನ್ನೂ ಕೇಳಿದರು. ಟೇಬಲ್ಲಿನ ಮೇಲೆ ಕೈ ಬಡಿದು ತೋರಿಸಿದೆ. ನನ್ನನ್ನು ಬಿಟ್ಟರೆ ಅಷ್ಟು ಪ್ರಶ್ನೆ ಕೇಳುವ ಇನ್ನೊಬ್ಬರನ್ನು ಅಂದೇ ನೋಡಿದ್ದು. ಆಮೇಲೆ ಅವರು ಪೆನ್ನು ಕೆಳಗಿಟ್ಟರು.

"ಸರಿ ಮೇಡಂ. ಆದರೆ ಈ ಕಡೆ ಎಲ್ಲ ಹೆಂಗಸರೂ ರೊಟ್ಟಿ ಮಾಡ್ತಾರಲ್ವಾ? ನಿಮ್ಮ ರೊಟ್ಟಿ ಬಗ್ಗೆ ನಾನೇ ಎಷ್ಟು ಕೇಳಿದ್ದೀನಿ. ನಿಮ್ಮ ಬೆರಳು ಒಂದು ದಿನಾನೂ ತಪ್ಪಿಲ್ಲ. ಮುಖ್ಯ ಕಚೇರಿಯವರು ಇದನ್ನೇ ಕೇಳ್ತಾರೆ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಆಕೆ ನೂರೈವತ್ತು ಬಡಿಯುತ್ತಾಳೆ ಎಂದರೆ ಕಾರ್ಡಿನ ಮಟ್ಟಿಗೆ ಎಲ್ಲ ಸರಿಹೋಗುತ್ತದೆ, ಕೆಲಸದ ಮಟ್ಟಿಗೆ ಎಲ್ಲ ಕೆಡುತ್ತದೆ. ಹೊರಗೆ ಲೆಕ್ಕದ ಹುಡುಗಿ ಕಡತ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಆ ಬಾಗಿಲೋ, ಮೇಲಿನಲ್ಲಿ ಬರೆದಂತೆ, ತೆರೆದೇ ಇತ್ತು.

"ನಾ ಬಡಿಯೂದಿಲ್ರಿ," ಎಂದೆ. "ನನಗ ಬರೂದಿಲ್ಲ. ಎಲ್ಲಾ ಕೊಂಡು ತಂದದ್ರಿ, ಹದಿನೈದ ವರ್ಷದಿಂದ."

ಹುಡುಗಿಯ ಕಡತ ಕೆಳಗೆ ಬಿತ್ತು. ಮ್ಯಾನೇಜರ್ ನಗು ತಡೆದುಕೊಂಡದ್ದು ನನಗೆ ಕಂಡಿತು. ಅತ್ತೆಯವರು ಬದುಕಿದ್ದರೆ ನೆಲ ಬಾಯ್ಬಿಡಲಿ ಎನ್ನುತ್ತಿದ್ದೆ.

"ಇವರು ದಿನಕ್ಕೆ ಎಷ್ಟು ಮಾಡ್ತಾರೆ?" ಎಂದು ಮೆಲ್ಲಗೆ ಕೇಳಿದರು.

"ರೊಟ್ಟಿ ಎಣಿಸಬಾರದ್ರಿ ಸರ ನಮ್ಮ ಕಡೆ," ಎಂದೆ. ಅಂಥ ಪದ್ಧತಿ ಯಾವುದೂ ಇಲ್ಲ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಲು ಎಷ್ಟೋ ಸಲ ಬಾಯಿಯ ತುದಿಗೆ ಬಂದು ನುಂಗಿಕೊಂಡಿದ್ದೇನೆ. "ಆ ನಿಮ್ಮ ಪುಸ್ತಕದ ಕೊನೇ ಪುಟದ ಫೋಟೋ ಕಳಿಸಿ" ಎಂದಷ್ಟೇ ಹೇಳಿ ಕಂಪ್ಯೂಟರಿನ ಕಡೆ ತಿರುಗಿದರು.

ಶನಿವಾರ ಎರಡನೆಯ ಮೇಲ್ ಬಂತು. ಮತ್ತೆ ನಾನೇ ಹಾಲಿನಲ್ಲಿ ನಿಂತು ಓದಿದೆ.

"ಮೊದಲ ಮೇಲಿನಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿತ್ತು. ತಪ್ಪು ನನ್ನದು. ಪ್ರಶ್ನೆ ಒಂಬತ್ತು: ನನ್ನ ಬೆರಳನ್ನು ಯಂತ್ರ ಗುರುತಿಸದಿದ್ದರೆ? ಉತ್ತರ: ಕೆಲಸ ಮಾಡುವ ಕೈಗಳ ಗೆರೆ ಸವೆಯುತ್ತದೆ. ಅಂಥವರಿಗೆ ಕಾರ್ಡ್ ಕೊಡಲಾಗುವುದು. ಕಾರ್ಡ್ ತೋರಿಸುವಾಗ ಹಾಜರಿ ನೋಡುವ ಮೇಡಂ ಎದುರಿಗಿದ್ದು ಸಹಿ ಹಾಕುತ್ತಾರೆ. ಯಂತ್ರ ಗುರುತಿಸದ ದಿನ ತಿದ್ದುಪಡಿಗೆ ಮಿತಿ ಇಲ್ಲ. ಈಗಾಗಲೇ ಬಿದ್ದ ಗೈರುಹಾಜರಿಯನ್ನು ತೆಗೆಯಲಾಗಿದೆ. ಬೆರಳು ಯಾಕೆ ಸವೆಯಿತು ಎಂದು ಯಾರನ್ನೂ ಕೇಳಲಾಗುವುದಿಲ್ಲ."

ಕೊನೆಯ ಸಾಲನ್ನು ಎರಡು ಸಲ ಓದಿದೆ. ಆಕೆ ಟೇಪು ಹಚ್ಚುವುದನ್ನು ನಿಲ್ಲಿಸಿ ಡಬ್ಬದ ಮೇಲೆ ಎರಡೂ ಕೈ ಊರಿ ನಿಂತಿದ್ದಳು. ಮುಂದಿನ ತಿಂಗಳು ಆಕೆಯ ಕಾಗದ ಹೊಸದಾಯಿತು. ಈಗ ಪ್ರತಿ ಬೆಳಿಗ್ಗೆ ಆಕೆ ಕಾರ್ಡ್ ತೋರಿಸುತ್ತಾಳೆ, ಪಕ್ಕದಲ್ಲಿ ನಾನು ಸಹಿ ಹಾಕುತ್ತೇನೆ. ಪುಸ್ತಕ ಪೂರ್ತಿ ಹೋಗಲಿಲ್ಲ, ಒಂದೇ ಹೆಸರಿನ ಪುಸ್ತಕವಾಯಿತು.

ಆ ಶನಿವಾರ ಊಟದ ಹೊತ್ತಿಗೆ ಲೆಕ್ಕದ ಹುಡುಗಿ ನನ್ನ ಕೊಂಡು ತಂದ ರೊಟ್ಟಿಯ ಸುದ್ದಿಯನ್ನು ಇಡೀ ಆಫೀಸಿಗೆ ಮುಟ್ಟಿಸಿದ್ದಳು. ನಾನಾಗಿದ್ದರೂ ಮುಟ್ಟಿಸುತ್ತಿದ್ದೆ. ಡಬ್ಬಿ ತೆರೆದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ವ್ಯಾನ್ ಕಾಕಾ ಒಂದು ತುಂಡು ಮುರಿದುಕೊಂಡು, "ಹಂಗಾರ ಇದು ಯಾರ ಕೈದ್ರಿ ಅಕ್ಕಾರ?" ಎಂದ.

ನಾನು ಚಟ್ನಿಯ ಡಬ್ಬಿಯ ಮುಚ್ಚಳ ತಿರುವತೊಡಗಿದೆ. ನನ್ನ ಜೀವನದಲ್ಲಿ ಗೊತ್ತಿದ್ದೂ ಹೇಳದ ಉತ್ತರ ಅದೊಂದೇ. ಎದುರಿಗೆ ಆಕೆ ಕೂತಿದ್ದಳು. ಎಂದೂ ನನ್ನ ಡಬ್ಬಿಗೆ ಕೈ ಹಾಕದವಳು ಅಂದು ಕೈ ಚಾಚಿ ಒಂದು ತುಂಡು ಮುರಿದಳು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು, ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದಳು.

"ಯಾರ ಬಡದಾರೋ ಏನೋ ಕಾಕಾ," ಎಂದಳು. "ಛಲೋ ಬಡದಾರ."